ತಾರೀಕು ಎಲ್ಲರಿಗೂ ಗೊತ್ತಿದ್ದಾಗ

ಪ್ರಶ್ನೆ: ಇಥೀರಿಯಂನ ಮುಂದಿನ ಅಪ್‌ಗ್ರೇಡ್ ಹತ್ತಿರ ಬರ್ತಿದೆ. ‘ಗಾಳಿಸುದ್ದಿಗೆ ಕೊಳ್ಳು, ಸುದ್ದಿ ನಿಜವಾದಾಗ ಮಾರು, ತಪ್ಪೋದೇ ಇಲ್ಲ’ ಅಂತಾನೆ ಗೆಳೆಯ. ಉಳಿಸಿದ ಎರಡು ಲಕ್ಷ ಹಾಕಿ, ಅಪ್‌ಗ್ರೇಡ್‌ನ ಹಿಂದಿನ ದಿನ ಮಾರಿಬಿಡಲೇ ಸರ್?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರ ಮಾತು ಪೂರಾ ಸುಳ್ಳಲ್ಲ. ಅವರ ಮನಸ್ಸಿನಲ್ಲಿರುವುದು ಬಹುಶಃ 2022ರ ‘ಮರ್ಜ್’. ಆ ಜೂನ್‌ನಲ್ಲಿ 900 ಡಾಲರ್‌ಗೂ ಕೆಳಗಿಳಿದಿದ್ದ ಈಥರ್, ಮರ್ಜ್‌ನ ಆಸೆಯಲ್ಲಿ ಆಗಸ್ಟ್ ಮಧ್ಯಕ್ಕೆ 2,000 ಮುಟ್ಟಿತು. ಸೆಪ್ಟೆಂಬರ್ 15ರಂದು ಕೆಲಸ ಒಂದು ಚೂರೂ ತೊಡಕಿಲ್ಲದೆ ಮುಗಿಯಿತು. ವಾರದೊಳಗೆ ಬೆಲೆ 1,300ರ ಕೆಳಗೆ!

ಆದರೆ ಗಮನಿಸಿ: ಅಂದಿನ ಬೆಲೆ ಸುಮಾರು 1,600. ತುದಿ ಒಂದು ತಿಂಗಳ ಹಿಂದೆಯೇ ದಾಟಿಹೋಗಿತ್ತು. ಆಗಸ್ಟ್ ಮಧ್ಯದಲ್ಲಿ ಕೊಂಡು ‘ಹಿಂದಿನ ದಿನ’ ಮಾರಿದವರೂ ಕೈಸುಟ್ಟುಕೊಂಡರು. ಅಮೆರಿಕದ ಹಣದುಬ್ಬರ, ಬಡ್ಡಿ ಏರಿಕೆಯ ಪೆಟ್ಟೂ ಅದೇ ವಾರಗಳಲ್ಲಿ ಬಿತ್ತೆನ್ನಿ. ಇನ್ನೊಂದು ಕಾರಣ ಒಳಗಿನದು. ಮರ್ಜ್ ಆದಾಗ ಹಳೆಯ ಸರಪಣಿ ಕವಲೊಡೆದು ಪುಕ್ಕಟೆ ನಾಣ್ಯ ಸಿಗುತ್ತದೆಂದು ಹಲವರು ಈಥರ್ ಕೊಂಡು, ಬೆಲೆ ಬಿದ್ದರೂ ನಷ್ಟವಾಗದಿರಲೆಂದು ಫ್ಯೂಚರ್ಸ್‌ನಲ್ಲಿ ಮಾರಿಟ್ಟಿದ್ದರು. ಫಂಡಿಂಗ್ ದರ ಸೊನ್ನೆಗಿಂತ ಬಹಳ ಕೆಳಗಿಳಿದದ್ದು ಅದಕ್ಕೇ. ಪುಕ್ಕಟೆ ನಾಣ್ಯ ಕೈಸೇರಿದ ಮೇಲೆ ಈಥರ್ ಇಟ್ಟುಕೊಳ್ಳಲು ಅವರಿಗೆ ಕಾರಣವೇನಿತ್ತು?

ಇದಕ್ಕೆ ತದ್ವಿರುದ್ಧವಾದದ್ದು 2023ರ ಏಪ್ರಿಲ್ 12ರ ‘ಶಪೆಲ್ಲಾ’. ಸ್ಟೇಕ್ ಮಾಡಿ ಸಿಕ್ಕಿಬಿದ್ದಿದ್ದ ಈಥರ್ ಅಂದು ಬಿಡುಗಡೆ, ಎಲ್ಲರೂ ಮಾರಿ ಬೆಲೆ ಕುಸಿಯುತ್ತದೆಂಬ ಭಯವಿತ್ತು. ಆದರೆ ಪೂರ್ತಿ ಹೊರಹೋಗುವವರಿಗೆ ಸರದಿ ಇತ್ತು, ದಿನಕ್ಕೆ ಇಷ್ಟೇ ಎಂಬ ಮಿತಿಯಿತ್ತು. ಅದು ಪ್ರೋಟೊಕಾಲ್‌ನಲ್ಲೇ ಬರೆದಿತ್ತು. ಒಂದೆರಡು ದಿನದಲ್ಲೇ ಬೆಲೆ 2,000 ದಾಟಿತು. ನಿಮ್ಮ ಗೆಳೆಯರ ಸೂತ್ರ ಹಿಡಿದು ಆ ದಿನ ಮಾರಿದ್ದವರು ಕೈಕೈ ಹಿಸುಕಿಕೊಂಡಿರಬೇಕು.

ಹಾಗಾಗಿ ತಾರೀಕು ನೋಡಿ ಪ್ರಯೋಜನವಿಲ್ಲ, ಅದು ಎಲ್ಲರಿಗೂ ಗೊತ್ತು. ಕಳೆದ ಎರಡು ತಿಂಗಳಲ್ಲಿ ಬೆಲೆ ಎಷ್ಟು ಏರಿದೆ, ಬಿಟ್‌ಕಾಯಿನ್‌ಗಿಂತ ಎಷ್ಟು ಹೆಚ್ಚು ಏರಿದೆ ಎಂದು ನೋಡಿ. ಬಹಳ ಏರಿದ್ದು, ಫಂಡಿಂಗ್ ದರವೂ ಮೇಲಿದ್ದರೆ, ಸಾಲ ಮಾಡಿ ಕೊಂಡವರೇ ತುಂಬಿದ್ದಾರೆಂದು ಅರ್ಥ. ಆಗ ನೀವು ಕೊನೆಯವರು. ಹಾಗೇನೂ ಏರದಿದ್ದರೆ, ಮಾರಲು ಕಾದವರೂ ಕಡಿಮೆ. ಇದೂ ಖಾತರಿಯ ಲೆಕ್ಕವಲ್ಲ.

ಗೆಳೆಯರು ನಿಮಗೆ ಹೇಳದ ಮಾತೊಂದಿದೆ: ತೆರಿಗೆ. ಒಂದು ಅಪ್‌ಗ್ರೇಡ್‌ನಲ್ಲಿ 40,000 ಲಾಭ, ಇನ್ನೊಂದರಲ್ಲಿ 40,000 ನಷ್ಟವಾಯಿತೆನ್ನಿ. ಕೈಯಲ್ಲಿ ಉಳಿದದ್ದು ಸೊನ್ನೆ. ಆದರೂ ಲಾಭದ ಮೇಲೆ ಶೇ 30ರಂತೆ 12,000, ಜೊತೆಗೆ ಸೆಸ್ ಕಟ್ಟಲೇಬೇಕು. ಕ್ರಿಪ್ಟೋ ನಷ್ಟವನ್ನು ಲಾಭಕ್ಕೆ ವಜಾ ಮಾಡಿಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ.

ಎರಡು ಲಕ್ಷ ಬ್ಯಾಂಕಿನಲ್ಲೇ ಇರಲಿ. ಆಸೆ ತಡೆಯದಿದ್ದರೆ, ಹೋದರೂ ನಿದ್ದೆ ಕೆಡದಷ್ಟು ಹಾಕಿ, ಎಷ್ಟಕ್ಕೆ ಮಾರುತ್ತೀರೆಂದು ಕೊಳ್ಳುವ ಮೊದಲೇ ಬರೆದಿಡಿ. ಫ್ಯೂಚರ್ಸ್ ಕಡೆ ತಲೆಹಾಕಲೇಬೇಡಿ.