ಮೂರನೇ ದಿನ ನೆಗೆಟಿವ್, ಹತ್ತನೇ ದಿನ ಪಾಸಿಟಿವ್

ಪ್ರಶ್ನೆ: ಗೋವಿನಜೋಳದ ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು ಬಂದ ಹತ್ತು ದಿನಕ್ಕೆ ನಮ್ಮ ಅಣ್ಣನಿಗೆ ಜ್ವರ ಹಿಡಿಯಿತು. ಮೂರನೇ ದಿನ ಸ್ಕ್ರಬ್ ಟೈಫಸ್ ಪರೀಕ್ಷೆ ನೆಗೆಟಿವ್ ಬಂತು, ಆದರೂ ಡಾಕ್ಟರು ಅದಕ್ಕೇ ಗುಳಿಗೆ ಬರೆದರು. ಹತ್ತನೇ ದಿನ ಪಾಸಿಟಿವ್! ಮೊದಲ ಲ್ಯಾಬಿನವರು ತಪ್ಪಿದರೇ?
- ಓದುಗರೊಬ್ಬರು, ಅಬಲೂರು, ಹಿರೇಕೆರೂರು ತಾಲ್ಲೂಕು

ಉತ್ತರ: ತಪ್ಪಿದ್ದು ಲ್ಯಾಬ್ ಅಲ್ಲ, ದಿನ. ನೀವು ಕಳಿಸಿದ ಎರಡೂ ವರದಿಗಳಲ್ಲಿ ‘ಐಜಿಎಂ ಎಲಿಸಾ’ ಎಂದಿದೆ. ಈ ಪರೀಕ್ಷೆ ರೋಗಾಣುವನ್ನು ಹುಡುಕುವುದೇ ಇಲ್ಲ. ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಅಳೆಯುತ್ತದೆ. ಹುಲ್ಲಿನಲ್ಲಿರುವ ನುಸಿಯ ಮರಿ ಕಚ್ಚಿ ರೋಗಾಣು ಒಳಹೊಕ್ಕರೂ, ಪ್ರತಿಕಾಯ ಅಳತೆಗೆ ಸಿಗುವಷ್ಟು ಬೆಳೆಯಲು ಜ್ವರ ಬಂದ ಮೇಲೆ ಸಾಮಾನ್ಯವಾಗಿ ಐದರಿಂದ ಏಳು ದಿನ ಬೇಕು. ನಿಮ್ಮ ವರದಿಯಲ್ಲಿ ಗೆರೆ 0.5. ಮೂರನೇ ದಿನದ ಅಂಕಿ 0.3, ಹತ್ತನೇ ದಿನದ್ದು 1.6. ನೆಗೆಟಿವ್ ಎಂದರೆ ‘ಗೆರೆ ಮುಟ್ಟಿಲ್ಲ’ ಎಂದಷ್ಟೇ, ‘ರೋಗವಿಲ್ಲ’ ಎಂದಲ್ಲ.

ಇಲಿಜ್ವರ, ಚಿಕೂನ್‌ಗುನ್ಯಾಗಳ ಐಜಿಎಂ ಪರೀಕ್ಷೆಗೂ ಮೊದಲ ದಿನಗಳಲ್ಲಿ ಇದೇ ಪಾಡು. ಡೆಂಗಿಯಲ್ಲಿ ಮೊದಲ ದಿನವೇ ಗೊತ್ತಾಗುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಅಲ್ಲಿ ಮಾಡುವ ಎನ್‌ಎಸ್‌1 ವೈರಸ್ಸಿನದೇ ಪ್ರೋಟೀನನ್ನು ಹಿಡಿಯುತ್ತದೆ, ಹಾಗಾಗಿ ಬೇಗ ಸಿಗುತ್ತದೆ. ಸ್ಕ್ರಬ್ ಟೈಫಸ್ಸನ್ನು ಆರಂಭದಲ್ಲೇ ಹಿಡಿಯಬೇಕೆಂದರೆ ಪಿಸಿಆರ್ ಬೇಕು. ಅದು ಎಲ್ಲ ಊರಲ್ಲಿ ಸಿಗುವುದಿಲ್ಲ.

ಡಾಕ್ಟರು ವರದಿಗಿಂತ ಮೈಯನ್ನು ನಂಬಿದ್ದಾರೆ. ಕಂಕುಳು, ತೊಡೆಸಂದು, ಲಾಡಿ ಕಟ್ಟುವ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಹುಡುಕಿರಬಹುದು. ನೋವಿಲ್ಲದ ಈ ಗುರುತನ್ನು ರೋಗಿಯೇ ಎಷ್ಟೋ ಸಲ ಕಂಡಿರುವುದಿಲ್ಲ, ಎಲ್ಲರಲ್ಲೂ ಅದು ಇರುವುದೂ ಇಲ್ಲ. ವರದಿಗೆ ಕಾಯುತ್ತ ಕೂತರೆ ಶ್ವಾಸಕೋಶ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ ಕೊಡುವುದು ರೂಢಿ. ಬಹಳ ಮಂದಿಗೆ 48 ಗಂಟೆಗಳಲ್ಲಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ರೋಗಾಣು ಜೀವಕೋಶದೊಳಗೆ ಅಡಗಿರುವುದರಿಂದ ಪೆನ್ಸಿಲಿನ್ ಜಾತಿಯ ಇಂಜೆಕ್ಷನ್‌ಗಳು ಇದಕ್ಕೆ ನಾಟುವುದಿಲ್ಲ. ಗುಳಿಗೆಯನ್ನು ಡಾಕ್ಟರು ಬರೆದಂತೆಯೇ ನುಂಗಬೇಕು. ಬಸುರಿಯರಿಗೆ ಬೇರೆ ಔಷಧ ಕೊಡುತ್ತಾರೆ.

ಇನ್ನೊಂದು ಮಾತು. ಐಜಿಎಂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದು, ಹಾಗಾಗಿ ಒಂದೇ ಪಾಸಿಟಿವ್ ಹಳೆಯ ಸೋಂಕಿನದೂ ಆಗಿರಬಹುದು. ನಿಮ್ಮ ಅಣ್ಣನದು ಹಾಗಲ್ಲ ಅನಿಸುವುದು 1.6 ಎಂಬ ಅಂಕಿಯಿಂದಲ್ಲ, 0.3ರಿಂದ ಅಲ್ಲಿಗೆ ಏರಿದ್ದರಿಂದ. ಆ ನೆಗೆಟಿವ್ ಚೀಟಿಯನ್ನು ಎಸೆಯಬೇಡಿ. ಮತ್ತೆ ಯಾರಿಗಾದರೂ ಜ್ವರ ಬಂದರೆ ಲ್ಯಾಬ್ ಚೀಟಿಯಲ್ಲಿ ಆಸ್ಪತ್ರೆಗೆ ಹೋದ ದಿನವನ್ನಲ್ಲ, ಮೈ ಬಿಸಿಯಾದ ಮೊದಲ ದಿನವನ್ನು ಬರೆಸಿ.