ಒಂದು ಸಹಿಗೆ ₹25,150

2023ರ ಸೆಪ್ಟೆಂಬರ್ ಕೊನೆಯ ದಿನ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಲೆಕ್ಕ ಬರೆಯುತ್ತಿದ್ದ ಈ ಅಂಕಣಕಾರನನ್ನು ಮ್ಯಾನೇಜರ್ ಒಳಗೆ ಕರೆದರು. ‘ಆರ್ಡರ್ ಇಲ್ಲ, ನಾಲ್ಕು ಜನರನ್ನ ಕಡಿಮೆ ಮಾಡ್ತಿದೀವಿ. ನೀವೇ ರಾಜೀನಾಮೆ ಕೊಟ್ಟ ಹಾಗೆ ಬರ್ಕೊಟ್ಬಿಡಿ, ಮುಂದಿನ ಕೆಲಸಕ್ಕೆ ಒಳ್ಳೇದು’ ಎಂದರು. ಪತ್ರ ಮೊದಲೇ ಟೈಪ್ ಆಗಿತ್ತು, ‘ವೈಯಕ್ತಿಕ ಕಾರಣಗಳಿಂದ’ ಎಂದು. ಅವನು ಸಹಿ ಹಾಕಿದ.

ತಿಂಗಳು ಕಳೆದು ಇಎಸ್‌ಐ ಶಾಖಾ ಕಚೇರಿಗೆ ಹೋದಾಗ ಆ ಎರಡು ಪದಗಳೇ ಅಡ್ಡ ಬಂದವು.

ಸಂಬಳದಿಂದ ಪ್ರತಿ ತಿಂಗಳು ಇಎಸ್‌ಐ ಕಡಿತವಾಗುವವರಿಗೆ, ಕೆಲಸ ಹೋದಾಗ ಹಣದ ನೆರವು ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. ಕೆಲಸ ಹೋಗುವ ಮುನ್ನ ಕನಿಷ್ಠ ಎರಡು ವರ್ಷ ವಿಮೆಯಡಿ ದುಡಿದಿರಬೇಕು. ಕೊನೆಯ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಇಷ್ಟೂ ಅವನಿಗಿತ್ತು. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ, ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಿಗೆ ಈ ನೆರವು ಇಲ್ಲ.

ಕಳೆದುಕೊಂಡದ್ದೆಷ್ಟು? ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ 2021ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗಿನ ಸಂಬಳ ಕೂಡಿಸಬೇಕು. ಮೊದಲ ವರ್ಷ ತಿಂಗಳಿಗೆ ₹16,000, ಎರಡನೆಯ ವರ್ಷ ₹18,000, ಒಟ್ಟು ₹4,08,000. ಅದನ್ನು 730ರಿಂದ ಭಾಗಿಸಿದರೆ ದಿನಕ್ಕೆ ₹558.90. ನೆರವು ಅದರ ಅರ್ಧ, ₹279.45. ಗರಿಷ್ಠ 90 ದಿನಕ್ಕೆ ಸುಮಾರು ₹25,150. ನಡುವೆ ಎರಡು ತಿಂಗಳು ಸಂಬಳವಿಲ್ಲದೆ ಕೂತಿದ್ದರೂ ಭಾಜಕ 730 ಆಗಿಯೇ ಉಳಿಯುತ್ತದೆ, ಕೈಗೆ ಬರುವುದು ಅಷ್ಟು ಕಡಿಮೆಯಾಗುತ್ತದೆ. 2018ರಲ್ಲಿ ಯೋಜನೆ ಶುರುವಾದಾಗ ಕೊಡುತ್ತಿದ್ದದ್ದು ಸರಾಸರಿಯ ಕಾಲು ಭಾಗ, ಕಾಯಬೇಕಿದ್ದದ್ದು 90 ದಿನ. 2020ರಲ್ಲಿ ಅದು ಅರ್ಧಕ್ಕೇರಿತು, ಕಾಯುವ ಅವಧಿ 30 ದಿನಕ್ಕಿಳಿಯಿತು. ನೆರವು ಜೀವಮಾನದಲ್ಲಿ ಒಮ್ಮೆ ಮಾತ್ರ.

ಅವನ ಮನೆ ಬಾಡಿಗೆ ₹7,000. ತಿಂಗಳಿಗೆ ₹8,300ರಷ್ಟು ಬಂದಿದ್ದರೆ ಬಾಡಿಗೆ ಕಟ್ಟಲು ಹೆಂಡತಿಯ ಬಳೆ ಅಡ ಇಡುವ ಪ್ರಮೇಯ ಬರುತ್ತಿರಲಿಲ್ಲ.

ಸಾಲದ ಜೊತೆ ಅಂಟಿಸಿ ಮಾರುವ ‘ಜಾಬ್ ಲಾಸ್ ಕವರ್’ ಬಗ್ಗೆ ಅವನಿಗೆ ತಾಳ್ಮೆಯೇ ಇಲ್ಲ. ಪ್ರೀಮಿಯಂ ಮೊದಲೇ ಸಾಲಕ್ಕೆ ಸೇರಿಸುತ್ತಾರೆ, ಸಾಮಾನ್ಯವಾಗಿ ಕೊಡುವುದು ಮೂರು ಇಎಂಐ, ಅದಕ್ಕೂ ರಾಜೀನಾಮೆ ಆಗದು. ಬೇಡ ಎನ್ನಿ. ಆ ದುಡ್ಡನ್ನು ಆರ್‌ಡಿಗೆ ಹಾಕಿ, ಸಂಬಳ ಬಂದ ದಿನವೇ. ಪೇಸ್ಲಿಪ್‌ಗಳನ್ನು ಬಿಸಾಡದೆ ಒಂದೇ ಫೈಲಿನಲ್ಲಿಡಿ, ಇಎಸ್‌ಐ ಸೈಟಿನಲ್ಲಿ ವಂತಿಗೆ ಜಮೆಯಾಗಿದೆಯೇ ಎಂದು ವರ್ಷಕ್ಕೆರಡು ಬಾರಿಯಾದರೂ ನೋಡಿ.

ಈ ಯೋಜನೆಯನ್ನು ಸರ್ಕಾರ ಅವಧಿ ಮುಗಿದಂತೆ ವಿಸ್ತರಿಸುತ್ತ ಬಂದಿದೆ, ಹಾಗಾಗಿ ಈಗ ಜಾರಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಕಂಪನಿಯೇ ಕೆಲಸದಿಂದ ತೆಗೆಯುತ್ತಿದ್ದರೆ ಪತ್ರವನ್ನು ಅವರೇ ಬರೆದು ಅವರೇ ಸಹಿ ಹಾಕಲಿ, ನೀವು ಹಾಕಬೇಡಿ.