ಪಿಆರ್ ಅಂತರದ ಜಾಡು ಹಿಡಿದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ಮನೆಗಳಿಂದ ‘ಕಣ್ಣು ಕತ್ತಲೆ ಬಂದು ಬಿದ್ದರು’ ಎಂದು ಹಿರಿಯರನ್ನು ಕರೆತರುತ್ತಾರೆ. ನಾಡಿ ನಿಧಾನ. ಹಾರ್ಟ್ ಬ್ಲಾಕ್ ಎಂದರೆ ಮನೆಯವರು ರಕ್ತನಾಳ ಕಟ್ಟಿದೆ ಅಂದುಕೊಳ್ಳುತ್ತಾರೆ. ಇಲ್ಲಿ ತಡೆ ಬಿದ್ದಿರುವುದು ಹೃದಯದ ಮೇಲಿನ ಕೋಣೆಯಿಂದ ಕೆಳಗಿಳಿಯುವ ವಿದ್ಯುತ್ ಸಂದೇಶಕ್ಕೆ.

1. ಇಸಿಜಿ ಪಟ್ಟಿಯಲ್ಲಿ ಮೊದಲು ಪಿ ಅಲೆಗಳನ್ನು ಹುಡುಕಿ. ಕಾಗದದ ಚೂರೊಂದರ ಅಂಚಿನಲ್ಲಿ ಎರಡು ಪಿಗಳ ದೂರ ಗುರುತಿಸಿಕೊಂಡು ಪಟ್ಟಿಯುದ್ದಕ್ಕೂ ಸರಿಸುತ್ತ ಹೋಗಿ. ಟಿ ಅಲೆಯೊಳಗೆ, ಕ್ಯೂಆರ್‌ಎಸ್ ಒಳಗೆ ಅಡಗಿದ ಪಿಗಳು ಹೀಗೇ ಸಿಗುವುದು. ಪಿಯೊಂದು ಹೊತ್ತಿಗೆ ಮುಂಚೆಯೇ ಬಂದು ಕ್ಯೂಆರ್‌ಎಸ್ ತಪ್ಪಿದ್ದರೆ ಅದು ಬ್ಲಾಕ್ ಆಗಿರಬೇಕಿಲ್ಲ, ಅಕಾಲದ ಬಡಿತವಿರಬಹುದು.

2. ಪಿಆರ್ ಉದ್ದವಾಗಿ, ಎಲ್ಲೆಡೆ ಒಂದೇ ಸಮ ಇದ್ದು, ಪ್ರತಿ ಪಿಗೂ ಕ್ಯೂಆರ್‌ಎಸ್ ಇದ್ದರೆ ಮೊದಲ ದರ್ಜೆ. ಸೆಕೆಂಡಿಗೆ 25 ಮಿ.ಮೀ. ಓಡುವ ಕಾಗದದಲ್ಲಿ 5 ಸಣ್ಣ ಚೌಕ, ಅಂದರೆ 0.20 ಸೆಕೆಂಡ್ ದಾಟಿದರೆ ಉದ್ದ. ಇದೊಂದರಿಂದಲೇ ಯಾರಾದರೂ ತಲೆ ತಿರುಗಿ ಬೀಳುವುದು ಅಪರೂಪ. ಬೇರೆ ಕಾರಣ ಹುಡುಕಿ.

3. ಎರಡನೇ ದರ್ಜೆಯಲ್ಲಿ ಕೆಲವು ಪಿಗಳಿಗೆ ಕ್ಯೂಆರ್‌ಎಸ್ ಇರುವುದಿಲ್ಲ. ತಪ್ಪಿದ ಬಡಿತದ ಹಿಂದಿನ ಪಿಆರ್ ಮತ್ತು ಮುಂದಿನ ಪಿಆರ್ ಅಳೆಯಿರಿ. ಹಿಂದಿನದು ಉದ್ದ, ಮುಂದಿನದು ಗಿಡ್ಡ ಆದರೆ ವೆಂಕೆಬಾಕ್. ಎರಡೂ ಒಂದೇ ಆದರೆ ಮೊಬಿಟ್ಸ್ ಎರಡು. ಇದು ಮುನ್ಸೂಚನೆ ಕೊಡದೆ ಪೂರ್ತಿ ಬ್ಲಾಕ್‌ಗೆ ತಿರುಗಬಲ್ಲದು. ಒಂದು ಬಿಟ್ಟು ಒಂದು ಪಿ ತಪ್ಪುತ್ತಿದ್ದರೆ ಹೋಲಿಸಲು ಎರಡು ಪಿಆರ್ ಸಾಲಾಗಿ ಸಿಗುವುದೇ ಇಲ್ಲ. ಆಗ ಹೆಸರಿಡಲು ಹೋಗದೆ ಉದ್ದನೆಯ ಪಟ್ಟಿ ತೆಗೆಯಿರಿ.

4. ನಿಜವಾದ ಮೋಸ ಮೂರನೇ ದರ್ಜೆಯಲ್ಲಿ. ಅಡಿಕೆ ಬೆಳೆಗಾರರೊಬ್ಬರ ಪಟ್ಟಿಯಲ್ಲಿ ಪಿಆರ್ 7, 12, 17 ಚೌಕ, ಆಮೇಲೆ 4. ಬೆಳೆಯುತ್ತ ಹೋಗಿ ಗಿಡ್ಡವಾಯಿತಲ್ಲ, ವೆಂಕೆಬಾಕ್ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕ್ಯೂಆರ್‌ಎಸ್‌ಗಳ ನಡುವಿನ ದೂರ ಪ್ರತಿ ಸಲವೂ 41 ಚೌಕವೇ. ವೆಂಕೆಬಾಕ್‌ನಲ್ಲಿ ಒಂದು ಬಡಿತ ತಪ್ಪಿದಲ್ಲಿ ಆ ದೂರ ಹಿಗ್ಗಲೇಬೇಕು. ಪಿಗಳು 18 ಚೌಕಕ್ಕೊಂದರಂತೆ ತಮ್ಮ ಪಾಡಿಗೆ ನಡೆದಿದ್ದವು. 1500ನ್ನು ಭಾಗಿಸಿದರೆ ಮೇಲಿನ ಕೋಣೆ ನಿಮಿಷಕ್ಕೆ 83, ಕೆಳಗಿನದು 37. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಪಿಆರ್ ಬದಲಾಗುತ್ತಿದ್ದು ಕ್ಯೂಆರ್‌ಎಸ್ ದೂರ ಬದಲಾಗದಿದ್ದರೆ ಪೂರ್ತಿ ಬ್ಲಾಕ್ ಎಂದೇ ಹಿಡಿಯಿರಿ.

5. ಮಾತ್ರೆಗಳ ಪಟ್ಟಿ ತರಿಸಿ ನೋಡಿ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಈ ಮೂರೂ ಪಿಆರ್ ಹಿಗ್ಗಿಸುತ್ತವೆ. ಕ್ಯೂಆರ್‌ಎಸ್ ಅಗಲವಾಗಿರುವ ಪೂರ್ತಿ ಬ್ಲಾಕ್‌ನಲ್ಲಿ ಅಟ್ರೋಪಿನ್ ನೆಚ್ಚಿ ಕೂರಬೇಡಿ. ಹೊರಗಿನಿಂದ ಪೇಸಿಂಗ್ ಮಾಡುವ ಯಂತ್ರವಿದ್ದರೆ ಪ್ಯಾಡ್ ಅಂಟಿಸಿಯೇ ಶಿವಮೊಗ್ಗಕ್ಕೆ ಹೊರಡಿಸಿ. ದಾರಿ ಗಂಟೆಗೂ ಮೀರಿದ್ದು. ಮೊದಲು ತೆಗೆದ ಇಸಿಜಿ ಪಟ್ಟಿಯ ಮೇಲೆ ಸಮಯ ಬರೆದು ರೋಗಿಯ ಜೊತೆಗೇ ಕಳಿಸಿ.